ಬಣ್ಣ ಬದಲಾಗದ ಸಾಲು

ಎಡಗಾಲಿನ ಚಪ್ಪಲಿ ಬಿಚ್ಚಿ ಅವಳು ಎರಡನೆಯ ಪಟ್ಟಿಯ ಮೂಲೆಯ ಮೇಲಿಟ್ಟಳು. ಬಲಗಾಲಿನದನ್ನು ಮೊದಲ ಪಟ್ಟಿಗೆ ಆಗಲೇ ಇಟ್ಟಾಗಿತ್ತು. ಆದರೂ ಫ್ಯಾನಿನ ಗಾಳಿಗೆ ಹಾಳೆಗಳು ಮೀನಿನ ಹಾಗೆ ಒದ್ದಾಡುತ್ತಿದ್ದವು. ಫ್ಯಾನ್ ಆರಿಸಿದರೆ ಸೆಕೆ. ನೆಲಕ್ಕೆ ಮಂಡಿಯೂರಿ, ಸ್ಕೇಲನ್ನು ಎಡಪಟ್ಟಿಯ ಒಂದು ಸಾಲಿನ ಕೆಳಗಿಟ್ಟು, ಬಲಪಟ್ಟಿಯಲ್ಲಿ ಬೆರಳಾಡಿಸುತ್ತ ಕೆಳಗಿಳಿದಳು. ಹನ್ನೆರಡು. ಹದಿಮೂರು. ಹದಿನಾಲ್ಕನೆಯ ಸಾಲಿನಲ್ಲಿ ಬೆರಳು ನಿಂತಿತು.

ಎರಡೂ ಕಡೆ ಅದೇ ಹೂಡಿಕೆ ಸಂಸ್ಥೆ. ಹೆಸರನ್ನು ನಂಬುವ ವಯಸ್ಸು ಅವಳದಲ್ಲ. ನೋಂದಣಿ ಸಂಖ್ಯೆಯ ಹತ್ತು ಅಂಕಿಗಳನ್ನು ಒಂದೊಂದಾಗಿ ಓದಿದಳು. ಮತ್ತೆ ಹಿಂದಿನಿಂದ ಮುಂದಕ್ಕೆ ಓದಿದಳು. ಒಂದೇ.

ಎಡಗಡೆ ಅದರ ಮೇಲಿದ್ದ ತಲೆಬರಹ: ಸಾರ್ವಜನಿಕರು. ಬಲಗಡೆ ಅದರ ಮೇಲಿದ್ದ ತಲೆಬರಹ: ಪ್ರವರ್ತಕರ ಗುಂಪು.

ಅವಳು ನೆಲದ ಮೇಲೆ ಪೂರ್ತಿ ಕೂತುಬಿಟ್ಟಳು. ಸಭಾಕೊಠಡಿಯ ಗಾಜಿನ ಬಾಗಿಲಾಚೆ ಯಾರೋ ಹಾದುಹೋದರು, ನೋಡಿದರು, ನೋಡದವರ ಹಾಗೆ ಹೋದರು. ಐವತ್ತೆರಡು ವರ್ಷದ ಕಂಪನಿ ಕಾರ್ಯದರ್ಶಿ ಬರಿಗಾಲಲ್ಲಿ ನೆಲದ ಮೇಲೆ ಕೂತಿರುವುದು ನಾಲ್ಕನೇ ಮಹಡಿಯಲ್ಲಿ ದಿನಾ ಕಾಣುವ ನೋಟವಲ್ಲ.

ಈ ಕಟ್ಟಡದಲ್ಲಿ ಎರಡು ಕಂಪನಿಗಳಿವೆ. ಏಳನೇ ಮಹಡಿಯದು ತಾಯಿ ಕಂಪನಿ. ನಾಲ್ಕನೆಯದು ಅದರ ಮಗಳು. ಅವಳು ಕೆಲಸ ಮಾಡುವುದು ಮಗಳಲ್ಲಿ. ಮಗಳ ನೂರು ಷೇರಿನಲ್ಲಿ ಐವತ್ತಾರು ತಾಯಿಯ ಕೈಯಲ್ಲಿವೆ. ಉಳಿದ ನಲವತ್ತನಾಲ್ಕು ಹೊರಗಿನವರವು: ಫಂಡುಗಳು, ಸಂಸ್ಥೆಗಳು, ನಿವೃತ್ತರು, ಯಾವತ್ತೋ ಕೊಂಡು ಮರೆತವರು. ಎರಡು ಕಂಪನಿಗಳೂ ಷೇರುಪೇಟೆಯಲ್ಲಿ ಬೇರೆಬೇರೆಯಾಗಿ ವಹಿವಾಟಾಗುತ್ತವೆ. ಮೂರು ತಿಂಗಳಿಗೊಮ್ಮೆ ಎರಡೂ ತಮ್ಮ ತಮ್ಮ ಷೇರುದಾರರ ಪಟ್ಟಿಯನ್ನು ಪ್ರಕಟಿಸುತ್ತವೆ. ಮಗಳ ಪಟ್ಟಿಗೆ ಹದಿನಾರು ವರ್ಷದಿಂದ ಅವಳ ರುಜು. ತಾಯಿಯ ಪಟ್ಟಿಗೆ ಏಳನೇ ಮಹಡಿಯ ಕಾರ್ಯದರ್ಶಿಯದು. ಅವರ ಪಟ್ಟಿಯನ್ನು ಅವಳು ಓದುವುದಿಲ್ಲ, ಅವಳದನ್ನು ಅವರು ಓದುವುದಿಲ್ಲ. ಅದರಲ್ಲಿ ಗುಟ್ಟೇನೂ ಇಲ್ಲ. ಊರಿಗೆಲ್ಲ ಕಾಣುವ ಜಾಲತಾಣದಲ್ಲಿ ಎರಡೂ ಅಕ್ಕಪಕ್ಕ ಬಿದ್ದಿರುತ್ತವೆ. ಯಾರೂ ಅಕ್ಕಪಕ್ಕ ಇಟ್ಟು ಓದುವುದಿಲ್ಲ, ಅಷ್ಟೆ.

ಇವತ್ತು ಓದುವಂತೆ ಮಾಡಿದವರು ಮೇಷ್ಟ್ರು.

ಮೇಷ್ಟ್ರು ಅಂದರೆ ಮಗಳ ನೂರನಲವತ್ತು ಷೇರಿರುವ ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ಅವಳು ಅವರನ್ನು ನೋಡಿಲ್ಲ. ದೂರವಾಣಿಯಲ್ಲಿ ಮಾತ್ರ ಪರಿಚಯ, ಆರು ವರ್ಷದ್ದು. ವಾರ್ಷಿಕ ವರದಿಯಲ್ಲಿ ಕೂಡುವುದರಲ್ಲಿ ತಪ್ಪಿದ್ದರೆ ಫೋನು, ತಪ್ಪಿಲ್ಲದಿದ್ದರೆ ಮೆಚ್ಚುಗೆಗೆ ಫೋನು. ಇವತ್ತು ಬೆಳಿಗ್ಗೆ ಅವಳು ಬ್ಯಾಗು ಇಳಿಸುವ ಮುಂಚೆಯೇ ಅವರ ಫೋನು ಬಂದಿತ್ತು.

"ಏನಮ್ಮಾ, ಮದುವೆ ಮುಗೀತಾ?"

"ಮತದಾನ ಮುಗೀತು ಮೇಷ್ಟ್ರೆ, ನಿನ್ನೆ ಸಂಜೆ. ಫಲಿತಾಂಶ ನಾಳೆ."

"ನಾನು ಬೇಡ ಅಂತ ಒತ್ತಿದೆ. ಮೊಮ್ಮಗಳು ಒತ್ತಿಸಿಕೊಟ್ಟಳು. ನಿಮ್ಮ ಲೆಕ್ಕ ಒಂಚೂರು ಹೇಳಿ. ಏಳು ಕೊಟ್ರೆ ಎರಡು, ಅಲ್ವಾ?"

ಅದು ವಿಲೀನದ ಲೆಕ್ಕ. ಮಗಳನ್ನು ತಾಯಿಯೊಳಗೆ ಸೇರಿಸಿಬಿಡುವ ಪ್ರಸ್ತಾಪ. ಹೊರಗಿನವರ ಪ್ರತಿ ಏಳು ಷೇರಿಗೆ ತಾಯಿಯ ಎರಡು ಷೇರು.

"ಹೌದು, ಏಳಕ್ಕೆ ಎರಡು."

"ಪ್ರಸ್ತಾಪ ಬಂದ ದಿನ ಪೇಟೇಲಿ ನಿಮ್ಮದು ನೂರು, ಅವರದು ಮುನ್ನೂರು. ಅಂದ್ರೆ ಏಳುನೂರರ ಸಾಮಾನು ಕೊಟ್ಟು ಆರುನೂರರದ್ದು ತಗೊಂಡು ಬಾ ಅಂತೀರಿ. ನನ್ನ ಕ್ಲಾಸಿನ ಕಡೇ ಬೆಂಚೂ ಇದಕ್ಕೆ ಒಪ್ತಿರಲಿಲ್ಲ."

"ಬರೀ ಪೇಟೆ ಬೆಲೆ ನೋಡಲ್ಲ ಮೇಷ್ಟ್ರೆ. ಮೌಲ್ಯಮಾಪಕರ ವರದಿ ಇದೆ—"

"ಓದಿದೀನಿ. ಎರಡು ಸಲ. ಅದನ್ನ ಬಿಡಿ. ನನಗಿರೋದು ಒಂದೇ ಪ್ರಶ್ನೆ. ನಿಮ್ಮ ಪಟ್ಟಿ ತೆಗೆದಿಟ್ಕೊಂಡಿದೀನಿ. ಸಾರ್ವಜನಿಕರು ಅಂತಿರೋದರಲ್ಲಿ ಒಂದು ಸಂಸ್ಥೆಗೆ ನೂರಕ್ಕೆ ನಾಲ್ಕು ಪಾಯಿಂಟ್ ಒಂದು ಇದೆ. ನನಗೆ ನೂರನಲವತ್ತು ಷೇರು, ಹೋದ್ರೆ ಹೋಯ್ತು. ಅಷ್ಟು ಇಟ್ಕೊಂಡಿರೋನು ಪತ್ರಿಕೇಲಿ ಒಂದು ಮಾತಾಡಿಲ್ಲ, ಒಂದು ಕಾಗದ ಬರೆದಿಲ್ಲ. ಯಾಕಮ್ಮಾ? ಅವನಿಗೆ ನೋವಾಗಲ್ವಾ?"

"ನೋಡ್ತೀನಿ ಮೇಷ್ಟ್ರೆ" ಅಂದಳು. ಹದಿನಾರು ವರ್ಷದಲ್ಲಿ ಸಾವಿರ ಸಲ ಹೇಳಿದ ಮಾತು. ಹೆಚ್ಚಿನ ಸಲ ನೋಡಿರಲಿಲ್ಲ.

ಮೇಜಿನ ಮೇಲೆ ಮತ ಪರಿಶೀಲಕರ ಕರಡು ವರದಿ ಬಂದು ಕೂತಿತ್ತು. ಪರಿಶೀಲಕರು ಹೊರಗಿನವರು, ಎರಡೂ ಕಂಪನಿಗೆ ಸಂಬಂಧವಿಲ್ಲದ ವೃತ್ತಿಪರರು. ಮತ ಎಣಿಸುವುದು ಅವರ ಕೆಲಸ. ಆದರೆ ಯಾರು ಸಾರ್ವಜನಿಕರು, ಯಾರು ಕಂಪನಿಯ ಹಿಡಿತವಿರುವ ಪ್ರವರ್ತಕರು ಎಂದು ಅವರಿಗೆ ಹೇಳುವ ಪಟ್ಟಿಯ ಕೆಳಗೆ ಇರುವುದು ಅವಳ ರುಜು. ಈ ಪ್ರಸ್ತಾಪ ಪಾಸಾಗಲು ತಾಯಿ ಕಂಪನಿಯ ಐವತ್ತಾರು ಸಾಲದು. ಹೊರಗಿನವರ ಮತಗಳನ್ನು ಬೇರೆಯಾಗಿ ಎಣಿಸಿ, ಅದರಲ್ಲಿ ವಿರೋಧಕ್ಕಿಂತ ಪರ ಹೆಚ್ಚಿರಬೇಕು. ತಾಯಿಗೆ ಲಾಭವಾಗುವ ವ್ಯವಹಾರವನ್ನು ತಾಯಿಯೇ ಪಾಸು ಮಾಡಿಕೊಳ್ಳಬಾರದು ಎಂದು ಇರುವ ನಿಯಮ.

ಕರಡಿನಲ್ಲಿ: ಹೊರಗಿನವರ ನಲವತ್ತನಾಲ್ಕರಲ್ಲಿ ಪರ ಹದಿನಾರು ಪಾಯಿಂಟ್ ನಾಲ್ಕು. ವಿರೋಧ ಹದಿಮೂರು ಪಾಯಿಂಟ್ ಆರು. ಉಳಿದವರು ಮತ ಹಾಕಿರಲಿಲ್ಲ.

ಪಾಸು. ಕೆಳಗೆ ಚುಕ್ಕಿ ಗೆರೆ, ಅದರ ಪಕ್ಕದಲ್ಲಿ ಅವಳ ಹುದ್ದೆ. ಒಂದು ರುಜು, ಮನೆಗೆ ಹೋಗಬಹುದು. ಪೆನ್ನಿನ ಮುಚ್ಚಳ ತೆಗೆದಿದ್ದಳು ಕೂಡ. ಆಮೇಲೆ ಮುಚ್ಚಳ ಹಾಕಿ, ಏಳನೇ ಮಹಡಿಯ ಪಟ್ಟಿಯನ್ನು ಜಾಲತಾಣದಿಂದ ಇಳಿಸಿ ಮುದ್ರಿಸಿ, ಮೇಜಿನ ಮೇಲೆ ಜಾಗ ಸಾಲದೆ ನೆಲಕ್ಕಿಳಿದಿದ್ದಳು.

ಎರಡೂ ಪಟ್ಟಿಯಲ್ಲಿ ಸಿಕ್ಕಿದವರು ಒಟ್ಟು ನಾಲ್ಕು. ಮೂರು ಫಂಡುಗಳು, ಇಲ್ಲೂ ಸಾರ್ವಜನಿಕರು, ಅಲ್ಲೂ ಸಾರ್ವಜನಿಕರು. ತಾಯಿಯಲ್ಲಿ ಹೆಚ್ಚು, ಮಗಳಲ್ಲಿ ಕಡಿಮೆ ಇಟ್ಟವರು ವಿಲೀನಕ್ಕೆ ಹೂಂ ಅಂದರೆ ಅದು ಅವರ ಜಾಣತನ. ಯಾರ ಹಿಡಿತವೂ ಅವರ ಮೇಲಿಲ್ಲ. ಅವರ ಪಕ್ಕ ಪೆನ್ಸಿಲಿನಲ್ಲಿ ಗೀಟು ಎಳೆದು ಬಿಟ್ಟಳು. ಎರಡು ಕಡೆ ಇರುವುದು ತಪ್ಪಲ್ಲ.

ನಾಲ್ಕನೆಯದು ಈ ಸಂಸ್ಥೆ.

ತಾಯಿ ಕಂಪನಿಯ ಪ್ರವರ್ತಕರು ಅಂದರೆ ಅಧ್ಯಕ್ಷರ ಕುಟುಂಬ. ಬಲಪಟ್ಟಿಯ ಪ್ರಕಾರ ತಾಯಿಯ ನೂರರಲ್ಲಿ ನಲವತ್ತೆಂಟು ಅವರದು. ಅದರೊಳಗೆ ಒಂದು ಪಾಯಿಂಟ್ ಎರಡು ಈ ಸಂಸ್ಥೆಯ ಹೆಸರಿನಲ್ಲಿ. ಅವಳು ಹಾಳೆಯ ಅಂಚಿನಲ್ಲಿ ಗುಣಿಸಿದಳು. ಐವತ್ತಾರರಲ್ಲಿ ನೂರಕ್ಕೆ ನಲವತ್ತೆಂಟು: ಮಗಳು ನೂರು ದುಡಿದರೆ ಕುಟುಂಬಕ್ಕೆ ತಲುಪುವುದು ಸುಮಾರು ಇಪ್ಪತ್ತೇಳು. ಆದರೆ ಐವತ್ತಾರರ ಮತವೂ ಅವರು ಹೇಳಿದ ಕಡೆಗೆ ಬೀಳುತ್ತದೆ. ಪಾಲು ಇಪ್ಪತ್ತೇಳು, ಹಿಡಿತ ಐವತ್ತಾರು. ಅದರ ಮೇಲೆ ಈ ನಾಲ್ಕು ಪಾಯಿಂಟ್ ಒಂದು, ಹೊರಗಿನವನ ವೇಷದಲ್ಲಿ.

ನೋವಾಗಲ್ವಾ ಎಂದು ಕೇಳಿದ್ದರು ಮೇಷ್ಟ್ರು. ಹೊರಗಿನ ನಲವತ್ತನಾಲ್ಕು ಷೇರಿನಿಂದ ಏನೇ ಕಳೆದುಹೋದರೂ ಅದು ತಾಯಿಯ ಹಳೆಯ ಷೇರುದಾರರ ಜೇಬಿಗೆ ಹೋಗುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಕುಟುಂಬದ್ದು. ನಲವತ್ತನಾಲ್ಕರಲ್ಲಿ ಅವರಿಗೆ ಬರುವುದು ಇಪ್ಪತ್ತೆರಡಕ್ಕೆ ಸ್ವಲ್ಪ ಕಡಿಮೆ, ಕಳೆದುಕೊಳ್ಳುವುದು ನಾಲ್ಕು. ಈ ಕೈಯಲ್ಲಿ ಒಂದು ಬಿದ್ದುಹೋದರೆ ಆ ಕೈಯಲ್ಲಿ ಐದು ಬಂದು ಕೂರುತ್ತದೆ. ಎಡಪಟ್ಟಿ ಒಂದನ್ನೇ ಓದಿದರೆ ಈ ಸಂಸ್ಥೆ ಶತದಡ್ಡ. ಎರಡನ್ನೂ ಓದಿದರೆ ನೋವೇ ಇಲ್ಲ.

ಅವಳಿಗೆ ನೋವಾಯಿತು. ಮಂಡಿಯಲ್ಲಿ.

*

"ಹಲೋ, ಹೇಳ್ರೀ" ಎಂದರು ರಿಜಿಸ್ಟ್ರಾರ್ ಕಚೇರಿಯ ಹೆಂಗಸು. ಷೇರುದಾರರ ದಾಖಲೆ ಇಡುವ ಕಚೇರಿ ಅದು, ಊರಿನ ಇನ್ನೊಂದು ತುದಿಯಲ್ಲಿ. ಹನ್ನೊಂದು ವರ್ಷದಿಂದ ಇಬ್ಬರೂ ಒಬ್ಬರನ್ನೊಬ್ಬರು 'ರೀ' ಎಂದು ಕರೆಯುತ್ತಾರೆ. ಮೂರು ತಿಂಗಳಿಗೊಮ್ಮೆ ಮಗಳ ಪಟ್ಟಿಯನ್ನು ತಯಾರಿಸಿ ಕಳಿಸುವವರು ಅವರೇ.

"ರೀ, ಆ ನಾಲ್ಕು ಪಾಯಿಂಟ್ ಒಂದರ ಸಂಸ್ಥೆ ಇದೆಯಲ್ಲ. ಅದರ ಸಾಲು ಯಾವತ್ತಾದರೂ ಹಳದಿ ಆಗಿತ್ತಾ?"

ಕೀಲಿಮಣೆಯ ಸದ್ದು. ಕೆಮ್ಮು.

"ಇಲ್ಲ ಕಣ್ರೀ. ಐದು ವರ್ಷದಿಂದ ಬಿಳೀನೇ. ಒಂದು ಷೇರು ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ. ಯಾಕ್ರೀ?"

"ಅದು ಪ್ರಮೋಟರ್ ಗುಂಪಂತೆ. ಮೇಲಿನ ಪಟ್ಟೀಲಿ."

"ಅಯ್ಯೋ. ನಮಗೆ ಯಾರೂ ಹೇಳಿಲ್ವಲ್ರೀ. ವರ್ಗ ಬದಲಾಯಿಸಿ ಅಂತ ಕಂಪನಿಯಿಂದ ಕಾಗದ ಬಂದ್ರೆ ತಾನೆ ನಾವು..." ಮಾತು ನಿಂತಿತು. "ಕಂಪನಿ ಅಂದ್ರೆ ನೀವೇ ಅಲ್ವಾ."

"ನಾನೇ."

"ಥೂ, ಹಾಗಂದಿದ್ದಲ್ಲ ಕಣ್ರೀ."

"ಅಂದ್ರೂ ತಪ್ಪಿಲ್ಲ ಬಿಡ್ರೀ. ನಿಮ್ಮ ಬೀಳ್ಕೊಡುಗೆ ಯಾವತ್ತು?"

"ಮೂವತ್ತಕ್ಕೆ. ಹೂವಿನ ಹಾರ ಹಾಕಿ ಮೂರು ಜನ ಸುಳ್ಳು ಹೇಳ್ತಾರೆ. ನೀವು ಬರಬೇಕು, ಮುಖ ಆದ್ರೂ ನೋಡೋಣ."

"ಬರ್ತೀನಿ" ಎಂದಳು.

ಹಳದಿ ಅವಳದೇ ಏರ್ಪಾಡು. ಪಟ್ಟಿಯಲ್ಲಿ ಸಾವಿರಾರು ಸಾಲು. ಹಿಂದಿನ ಸಲಕ್ಕಿಂತ ಅಂಕಿ ಬದಲಾದ ಸಾಲುಗಳಿಗೆ ಹಳದಿ ಬಣ್ಣ ಹಚ್ಚಿ ಕಳಿಸಿ ಎಂದು ಅವಳೇ ಹೇಳಿದ್ದಳು. ಹಳದಿಯನ್ನು ಓದುತ್ತಾಳೆ, ಬಿಳಿಯನ್ನು ದಾಟುತ್ತಾಳೆ. ಅದನ್ನು ಕಲಿಸಿದವರು ಏಳನೇ ಮಹಡಿಯ ಕಾರ್ಯದರ್ಶಿ. ಇಪ್ಪತ್ತೇಳು ವರ್ಷದ ಹಿಂದೆ ಅವಳು ಕೆಲಸಕ್ಕೆ ಸೇರಿದ ಮೊದಲ ವಾರ, ಅವಳ ಮೇಜಿನ ಅಂಚಿಗೆ ಒರಗಿಕೊಂಡು, "ಎಲ್ಲಾ ಓದಿದರೆ ಸಾಯ್ತೀಯಮ್ಮ. ಬದಲಾಗಿದ್ದನ್ನ ಓದು" ಎಂದಿದ್ದರು. ಅವಳು ಸಾಯಲಿಲ್ಲ.

ಬಿಳಿ ಸಾಲಿನ ಅಂಕಿ ಬದಲಾಗಿರಲಿಲ್ಲ. ಆ ಸಂಸ್ಥೆಯ ಯಜಮಾನ ಬದಲಾಗಿದ್ದ. ಎರಡೂಕಾಲು ವರ್ಷದ ಹಿಂದೆ ಅಧ್ಯಕ್ಷರ ತಂಗಿಯ ಗಂಡ ಆ ಸಂಸ್ಥೆಯನ್ನೇ ಇಡಿಯಾಗಿ ಕೊಂಡಿದ್ದರು. ಏಳನೇ ಮಹಡಿಯ ಪಟ್ಟಿಯಲ್ಲಿ ಅದು ಆಗಲೇ ಸಾರ್ವಜನಿಕರಿಂದ ಪ್ರವರ್ತಕರ ಗುಂಪಿಗೆ ಜಿಗಿದಿತ್ತು, ತಾರೀಖು ಸಮೇತ. ಅಲ್ಲಿ ಆ ಸಾಲು ಹಳದಿಯಾಗಿರಬೇಕು. ಇಲ್ಲಿ ಒಂಬತ್ತು ತ್ರೈಮಾಸಿಕ ಬಿಳಿಯಾಗಿಯೇ ಉಳಿಯಿತು. ಒಂಬತ್ತು ಪಟ್ಟಿ, ಒಂಬತ್ತು ರುಜು, 'ನನ್ನ ತಿಳುವಳಿಕೆಯಂತೆ ಸರಿಯಾಗಿದೆ' ಎಂಬ ಒಂಬತ್ತು ಘೋಷಣೆ.

ಅದಕ್ಕೆ ದಂಡ ಕಂಪನಿಗಲ್ಲ, ರುಜು ಹಾಕಿದವರಿಗೆ. ದಂಡಕ್ಕಿಂತ ಮೇಲಿನದು ಪರವಾನಗಿ. ವೃತ್ತಿ ಮಂಡಳಿಗೆ ದೂರು ಹೋದರೆ ವಿಚಾರಣೆ, ವಿಚಾರಣೆ ಮುಗಿಯುವವರೆಗೆ ಅಮಾನತು. ಮನೆಯಲ್ಲಿ ಈಗ ಸಂಬಳ ಒಂದೇ. ಗಂಡನ ಮುದ್ರಣಾಲಯ ಬಾಗಿಲು ಮುಚ್ಚಿ ಎಂಟು ತಿಂಗಳು.

ಗಂಡನೇ ಫೋನು ಮಾಡಿದ, ಮಧ್ಯಾಹ್ನ ಒಂದಕ್ಕೆ, ಎಂದಿನಂತೆ.

"ಊಟ ಆಯ್ತಾ? ತಾಯಿ ಮಗಳ ಜಗಳ ಮುಗೀತಾ?"

"ಇಲ್ಲ."

"ಊಟ ಇಲ್ವೋ, ಜಗಳ ಇಲ್ವೋ?"

"ಎರಡೂ. ಒಂದು ತಪ್ಪಾಗಿದೆ. ನನ್ನಿಂದ."

ಹಿನ್ನೆಲೆಯಲ್ಲಿ ಕುಕ್ಕರು ಕೂಗಿತು. ಈಚೆಗೆ ಅಡಿಗೆ ಅವನದೇ; ಮುದ್ರಣಕ್ಕಿಂತ ಇದರಲ್ಲಿ ತಪ್ಪು ಕಮ್ಮಿ ಎಂದು ಅವನ ವಾದ.

"ದೊಡ್ಡದಾ?"

"ಕೆಲಸಕ್ಕೆ ಕುತ್ತು ಬರೋ ಅಷ್ಟು."

"ಯಾರಿಗಾದರೂ ಗೊತ್ತಾಗಿದೆಯಾ?"

"ನನಗೆ."

"ಹಾಗಿದ್ರೆ ಮುಗೀತು ಬಿಡು" ಎಂದ ಅವನು. ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. "ನಿನಗೆ ಗೊತ್ತಾದಮೇಲೆ ಊರಿಗೇ ಗೊತ್ತಾದ ಹಾಗೆ. ಮದುವೇಲಿ ನಮ್ಮಪ್ಪ ನನ್ನ ವಯಸ್ಸು ಎರಡು ವರ್ಷ ಕಮ್ಮಿ ಹೇಳಿದ್ರೆ ಮಂಟಪದಲ್ಲೇ ತಿದ್ದಿದವಳು ನೀನು."

ಅವಳಿಗೆ ನಗು ಬಂತು. ಬಂದು, ಅರ್ಧಕ್ಕೇ ದಣಿದು ನಿಂತಿತು.

*

ಪರಿಶೀಲಕರು ಕೊಂಕಿಲ್ಲದ ಮನುಷ್ಯ, ಆದರೆ ಮಾತಿಗೆ ಬಾಡಿಗೆ ಕಟ್ಟಬೇಕು ಎಂಬಂತೆ ಮಾತಾಡುವವರು. ಅವಳು ಫೋನು ಮಾಡಿ ಎಲ್ಲ ಹೇಳಿ ಮುಗಿಸಿದಳು.

"ಯಾರು ಯಾವ ಕಡೆ ಹಾಕಿದರು ಅಂತ ನಾನು ಹೇಳಂಗಿಲ್ಲ" ಎಂದರು ಕೊನೆಗೆ.

"ಕೇಳ್ತಿಲ್ಲ ಸಾರ್. ಆ ಸಾಲನ್ನ ಸಾರ್ವಜನಿಕರಿಂದ ತೆಗೆದರೆ ಮೊತ್ತ ಎಷ್ಟಾಗುತ್ತೆ?"

"ಅದು ಹೇಳಬಹುದು." ಕ್ಯಾಲ್ಕ್ಯುಲೇಟರು ಕಟಕಟ ಎಂದಿತು. "ಪರ ಹನ್ನೆರಡು ಪಾಯಿಂಟ್ ಮೂರು. ವಿರೋಧ ಅಷ್ಟೇ, ಹದಿಮೂರು ಪಾಯಿಂಟ್ ಆರು."

ಹದಿನಾರು ಪಾಯಿಂಟ್ ನಾಲ್ಕರಲ್ಲಿ ನಾಲ್ಕು ಪಾಯಿಂಟ್ ಒಂದು ಕಳೆದರೆ ಹನ್ನೆರಡು ಪಾಯಿಂಟ್ ಮೂರು. ಹೇಳಂಗಿಲ್ಲ ಎಂದದ್ದನ್ನೂ ಹೇಳಿಬಿಟ್ಟಿದ್ದರು. ಇಬ್ಬರಿಗೂ ಅದು ಗೊತ್ತಾಯಿತು. ಪ್ರಸ್ತಾಪ ಬಿದ್ದುಹೋಗಿತ್ತು.

"ತಿದ್ದುಪಡಿ ಬರಹದಲ್ಲಿ ಬೇಕು, ನಿಮ್ಮ ರುಜು ಇರಬೇಕು" ಎಂದರು ಅವರು. "ಯಾವಾಗಿನಿಂದ ತಪ್ಪಿದೆ, ಯಾಕೆ ತಪ್ಪಿತು, ಎರಡೂ ಬರೀರಿ. ನಾಲ್ಕು ಗಂಟೆಯೊಳಗೆ." ಆಮೇಲೆ, ಅಪರೂಪಕ್ಕೆ, ಕೇಳದೆಯೇ ಒಂದು ಮಾತು: "ನಾಳೆ ಗೊತ್ತಾಗಿದ್ದರೆ ನಾನೂ ಸಿಕ್ಕಿಹಾಕ್ಕೊಳ್ತಿದ್ದೆ."

*

ಲಿಫ್ಟು ಕೆಟ್ಟಿತ್ತು. ಮೂರು ಮಹಡಿ ಹತ್ತುವಾಗ ಪ್ರತಿ ತಿರುವಿನಲ್ಲೂ ನಿಂತಳು. ಆರನೆಯದರ ಗೋಡೆಯ ಮೇಲೆ ಅಗ್ನಿಶಾಮಕದ ನಕಾಶೆ: ನೀವು ಇಲ್ಲಿದ್ದೀರಿ ಎಂಬ ಕೆಂಪು ಚುಕ್ಕಿ, ಹೊರದಾರಿಗೆ ಬಾಣ. ಚುಕ್ಕಿ ಇರುವ ಕಡೆ ಅವಳಿರಲಿಲ್ಲ. ನಕಾಶೆ ಐದನೇ ಮಹಡಿಯದು.

ಏಳನೇ ಮಹಡಿಯಲ್ಲಿ ನೆಲಕ್ಕೆ ಜಮಖಾನವಿದೆ. ಚಪ್ಪಲಿಯ ಸದ್ದು ಕೇಳುವುದಿಲ್ಲ. ಹಿರಿಯ ಕಾರ್ಯದರ್ಶಿ ತಮ್ಮ ಕೋಣೆಯಲ್ಲಿ ಕನ್ನಡಕವನ್ನು ಹಣೆಗೇರಿಸಿ, ಕಣ್ಣಿಗೆ ಹನಿ ಬಿಟ್ಟುಕೊಳ್ಳುತ್ತ ಕೂತಿದ್ದರು. ಅರವತ್ತಮೂರು. ನಿವೃತ್ತಿಯನ್ನು ಎರಡು ಸಲ ಮುಂದೂಡಿದ್ದಾರೆ, ಇಲ್ಲವೇ ಮುಂದೂಡಿಸಲ್ಪಟ್ಟಿದ್ದಾರೆ.

"ಬಾಮ್ಮ. ಕೂತ್ಕೊ. ಎರಡು ನಿಮಿಷ ನೀನು ಮಸುಕಾಗಿರ್ತೀಯ."

ಅವಳು ಕೂತಳು. ಎರಡು ಪಟ್ಟಿಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು. ಅವಳದರಲ್ಲಿ ಒಂದು ಸಾಲು, ಅವರದರಲ್ಲಿ ಒಂದು ಸಾಲು, ಎರಡಕ್ಕೂ ಪೆನ್ಸಿಲಿನ ಸುತ್ತು. ಅವರು ಕಣ್ಣೊರೆಸಿಕೊಂಡು ಕನ್ನಡಕ ಇಳಿಸಿದರು. ಎಡ ನೋಡಿದರು, ಬಲ ನೋಡಿದರು. ಮತ್ತೆ ಎಡ. ಅವರ ಮುಖ ಬದಲಾಗಲಿಲ್ಲ. ಅದು ಅವಳನ್ನು ಎಲ್ಲಕ್ಕಿಂತ ಹೆಚ್ಚು ದಣಿಸಿತು.

"ಗೊತ್ತಿತ್ತಾ ಸಾರ್?"

"ನನ್ನ ಪಟ್ಟಿ ನನಗೆ ಗೊತ್ತು. ಅದು ಸರಿಯಿದೆ."

"ನನ್ನದು?"

"ನಿನ್ನದನ್ನ ನಾನ್ಯಾಕಮ್ಮ ನೋಡಲಿ? ನೀನು ನನಗಿಂತ ಚೆನ್ನಾಗಿ ಮಾಡ್ತೀಯ ಅಂತ ತಾನೆ ಕೆಳಗೆ ಕಳಿಸಿದ್ದು." ಅವರು ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದರು. ಸುತ್ತುಗಳು ಕಾಣದಾದವು. "ಸರಿ. ಮುಂದಿನ ತ್ರೈಮಾಸಿಕದಲ್ಲಿ ತಿದ್ದಿಬಿಡು. ಸಾರ್ವಜನಿಕರಿಂದ ತೆಗೆದು ಪ್ರವರ್ತಕರಿಗೆ ಹಾಕು. ಒಂದು ಸಾಲಿನ ಟಿಪ್ಪಣಿ ಸಾಕು. ಯಾರು ಓದ್ತಾರೆ?"

"ಮುಂದಿನ ತ್ರೈಮಾಸಿಕದ ಹೊತ್ತಿಗೆ ಮಗಳೇ ಇರಲ್ಲ ಸಾರ್. ಪಟ್ಟಿನೂ ಇರಲ್ಲ."

"ಹೌದಲ್ಲ" ಎಂದರು ಅವರು. ಆಗಷ್ಟೇ ಹೊಳೆದ ಹಾಗೆ.

ಕಿಟಕಿಯಾಚೆ ಎದುರು ಕಟ್ಟಡದ ತಾರಸಿಯಲ್ಲಿ ಯಾರೋ ನೀರಿನ ಟ್ಯಾಂಕಿನೊಳಗೆ ತಲೆ ಹಾಕಿ ನೋಡುತ್ತಿದ್ದರು. ಇಬ್ಬರೂ ಸ್ವಲ್ಪ ಹೊತ್ತು ಅದನ್ನು ನೋಡಿದರು.

"ಪರಿಶೀಲಕರಿಗೆ ಹೇಳಿಬಿಟ್ಟೆ ಸಾರ್" ಎಂದಳು ಅವಳು.

ಅವರು ತಿರುಗಲಿಲ್ಲ. "ಯಾವಾಗ?"

"ಒಂದೂವರೆಗೆ."

"ನನಗೆ ಹೇಳೋ ಮುಂಚೆ."

"ನಿಮಗೆ ಮೊದಲು ಹೇಳಿದ್ದರೆ ಅವರಿಗೆ ಹೇಳೋಕೆ ಆಗ್ತಿತ್ತೋ ಇಲ್ವೋ ಅಂತ ಭಯ ಆಯ್ತು."

ಅದಕ್ಕೆ ಅವರು ನಕ್ಕರು. ನಿಜವಾಗಿಯೇ. "ನಾನು ಕಲಿಸಿದ್ದರಲ್ಲಿ ಒಂದಾದರೂ ನೆಟ್ಟಗೆ ಕಲಿತಿದೀಯ." ಕುರ್ಚಿಯಲ್ಲಿ ಹಿಂದಕ್ಕೊರಗಿದರು. ನಗು ಇಳಿಯಿತು. "ಅಂದ್ರೆ ಬಿತ್ತು."

"ಬಿತ್ತು. ಹನ್ನೆರಡು ಮೂರು, ಹದಿಮೂರು ಆರು."

"ಅಧ್ಯಕ್ಷರಿಗೆ ನಾನು ಹೇಳಬೇಕು."

"ಹೌದು."

"ತಂಗಿ ಗಂಡನನ್ನ ಕಂಡ್ರೆ ಅವರಿಗೆ ಮೊದಲೇ ಆಗಲ್ಲ. ಈಗ ನನ್ನನ್ನೂ ಆ ಸಾಲಿಗೆ ಸೇರಿಸ್ತಾರೆ." ಅವರು ಖಾನೆ ಎಳೆದು ಏನನ್ನೋ ಹುಡುಕಿದರು, ಸಿಗಲಿಲ್ಲ, ಮುಚ್ಚಿದರು. "ನಾಳೆ ಮತ್ತೆ ಮೌಲ್ಯಮಾಪನ, ಮತ್ತೆ ಸಭೆ, ಮತ್ತೆ ಇದೇ ಪೂರ್ತಿ ಪುರಾಣ. ನಾನು ಈ ಮದುವೆ ಮುಗಿಸಿ ಹೋಗೋಣ ಅಂತಿದ್ದೆ. ಹೋಗಲಿ ಬಿಡು. ಈಗ ನಿನ್ನ ವಿಷಯ. ಕಾರಣ ಏನಂತ ಬರೆದಿದೀಯ?"

"ಇನ್ನೂ ಬರೆದಿಲ್ಲ. ನಾಲ್ಕು ಗಂಟೆಯೊಳಗೆ ಕೊಡಬೇಕು."

ಗೋಡೆಯ ಗಡಿಯಾರ ಮೂರು ಗಂಟೆ ಹತ್ತು ನಿಮಿಷ ತೋರಿಸುತ್ತಿತ್ತು. ಅವರು ಕೀಲಿಮಣೆ ಹತ್ತಿರ ಎಳೆದುಕೊಂಡು, ಎರಡೇ ಬೆರಳಲ್ಲಿ, ಹಳೆಯ ಟೈಪುಯಂತ್ರಕ್ಕೆ ಕೊಡುವ ಪೆಟ್ಟು ಕೊಡುತ್ತ ಬರೆಯತೊಡಗಿದರು. ಅವಳು ಕಾಯುತ್ತ ಕೂತಳು. ಅವಳ ಮೊದಲ ನೇಮಕಾತಿ ಪತ್ರವನ್ನೂ ಅವರು ಹೀಗೆಯೇ ಎರಡು ಬೆರಳಲ್ಲಿ ಕುಟ್ಟಿದ್ದರು. ಮದುವೆಗೆ ರಜೆ ಸಿಗದಿದ್ದಾಗ ಅಧ್ಯಕ್ಷರ ಜೊತೆ ಜಗಳವಾಡಿದ್ದರು. ಅವರು ಕೆಟ್ಟವರಾಗಿದ್ದರೆ ಈ ಮಧ್ಯಾಹ್ನ ಸುಲಭವಾಗುತ್ತಿತ್ತು.

ಪ್ರಿಂಟರು ಒಂದು ಹಾಳೆ ಉಗುಳಿತು. ಅವರು ಅದನ್ನು ಅವಳ ಕಡೆ ತಳ್ಳಿದರು.

ನಾಲ್ಕೇ ಸಾಲು. ಚೆನ್ನಾಗಿತ್ತು. ಅವರ ಭಾಷೆ ಯಾವಾಗಲೂ ಚೆನ್ನ. ಷೇರುದಾರರ ವರ್ಗೀಕರಣದಲ್ಲಿ ರಿಜಿಸ್ಟ್ರಾರ್ ಕಚೇರಿಯ ಮಟ್ಟದಲ್ಲಿ ಆದ ಲೋಪದಿಂದಾಗಿ ಸದರಿ ಸಂಸ್ಥೆ ಒಂಬತ್ತು ತ್ರೈಮಾಸಿಕಗಳಿಂದ ಸಾರ್ವಜನಿಕರ ವರ್ಗದಲ್ಲಿ ಮುಂದುವರಿದಿದೆ. ಲೋಪವನ್ನು ಕಂಪನಿ ಕಾರ್ಯದರ್ಶಿಯವರು ಸ್ವತಃ ಪತ್ತೆಹಚ್ಚಿ ತಕ್ಷಣ ಸರಿಪಡಿಸಿರುತ್ತಾರೆ. ಸಂಬಂಧಪಟ್ಟ ಸಿಬ್ಬಂದಿಯ ವಿರುದ್ಧ ಕ್ರಮಕ್ಕೆ ಕೋರಲಾಗಿದೆ.

"ಸಂಬಂಧಪಟ್ಟ ಸಿಬ್ಬಂದಿ" ಎಂದು ಅವಳು ಓದಿದಳು.

"ಆ ಹೆಂಗಸು ಮೂವತ್ತಕ್ಕೆ ಹೋಗ್ತಾಳಂತಲ್ಲ. ಅಷ್ಟರೊಳಗೆ ಏನೂ ಆಗಲ್ಲ, ಆಮೇಲೆ ಯಾರೂ ಹುಡುಕ್ಕೊಂಡು ಹೋಗಲ್ಲ. ಅವಳಿಗೆ ಪರವಾನಗಿಯೂ ಇಲ್ಲ ಕಳ್ಕೊಳ್ಳೋಕೆ. ನಿನಗಿದೆ."

"ಪಿಂಚಣಿ ಇದೆ ಅವರಿಗೆ."

"ತಡೆಹಿಡಿದ್ರೂ ಆರು ತಿಂಗಳು. ವಿಚಾರಣೇಲಿ ಏನೂ ಸಿಗಲ್ಲ, ಬಿಡುಗಡೆ ಮಾಡ್ತಾರೆ." ಅವರು ಮುಂದಕ್ಕೆ ಬಾಗಿದರು. ದನಿ ಮೆತ್ತಗಾಯಿತು. "ನೋಡಮ್ಮ, ಮುಖ್ಯವಾದದ್ದನ್ನ ನೀನು ಮಾಡಿ ಆಗಿದೆ. ಸಾಲು ಸರಿಹೋಗುತ್ತೆ, ಪ್ರಸ್ತಾಪ ಬೀಳುತ್ತೆ, ನೀನು ಯಾವಾಗಲೂ ಹೇಳೋ ಆ ಮೇಷ್ಟ್ರಿಗೆ ಏಳಕ್ಕೆ ಏಳುನೂರೇ ಉಳಿಯುತ್ತೆ. ಅದರಲ್ಲಿ ಒಂದಕ್ಷರ ನಾನು ಮುಟ್ಟಿಲ್ಲ. ಬರೀ ಕಾರಣದ ಸಾಲು. ಎಂಟು ತಿಂಗಳಿಂದ ಮನೆ ಹೇಗೆ ನಡೀತಿದೆ ಅಂತ ನನಗೆ ಗೊತ್ತಿಲ್ವಾ? ನೀನೇ ಹೋದ್ರೆ ಕೆಳಗೆ ಮುಂದಿನ ಸಲ ಎರಡು ಪಟ್ಟಿ ಯಾರು ಓದ್ತಾರೆ?"

ಅದು ನಿಜವಾಗಿತ್ತು. ಅದೇ ತೊಂದರೆ. ಅವರು ಹೇಳಿದ್ದರಲ್ಲಿ ಒಂದು ಸಾಲು ಬಿಟ್ಟು ಉಳಿದದ್ದೆಲ್ಲ ನಿಜ.

ಅವಳು ಪೆನ್ನು ತೆಗೆದಳು. ಅವರ ಭುಜ ಸ್ವಲ್ಪ ಇಳಿಯಿತು. ಅವಳು ಹಾಳೆಯನ್ನು ತಿರುಗಿಸಿ, ಹಿಂದಿನ ಖಾಲಿ ಮೈಯ ಮೇಲೆ ಬರೆದಳು. ನಿಧಾನಕ್ಕೆ, ದುಂಡಗೆ. ಸದರಿ ಸಂಸ್ಥೆಯ ಒಡೆತನ ಬದಲಾದದ್ದು ತಾಯಿ ಕಂಪನಿಯ ಪಟ್ಟಿಯಲ್ಲಿ ಅದೇ ತ್ರೈಮಾಸಿಕದಲ್ಲಿ ಪ್ರಕಟವಾಗಿತ್ತು. ಅಂಕಿ ಬದಲಾದ ಸಾಲುಗಳನ್ನು ಮಾತ್ರ ಓದುವುದು ನನ್ನ ಅಭ್ಯಾಸವಾದ್ದರಿಂದ ನಾನು ನೋಡಲಿಲ್ಲ. ಕೆಳಗೆ ರುಜು. ಹತ್ತನೆಯದು.

"ಕಾರಣ ಇದು ಸಾರ್."

ಅವರು ಓದಿದರು. ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬರಿಗಣ್ಣಿಗೆ ಅವಳು ಮತ್ತೆ ಮಸುಕಾಗಿರಬೇಕು.

"ಅಭ್ಯಾಸ ಅಂತ ಬರೆದಿದೀಯ. ಅದನ್ನ ಕಲಿಸಿದ್ದು ಯಾರು ಅಂತ ಬರೆದಿಲ್ಲ."

"ಅದು ಇಲ್ಲಿಗೆ ಬೇಕಾಗಿಲ್ಲ."

"ಬರಿ. ನನ್ನ ಹೆಸರು ಹಾಕು. ಹಿರಿಯ ಕಾರ್ಯದರ್ಶಿಯವರ ಸೂಚನೆಯಂತೆ ಅಂತ ಒಂದು ಮಾತು ಸೇರಿಸಿದ್ರೂ ನಿನಗೆ ಅಮಾನತಾಗಲ್ಲ. ನಾನು ಹೇಗಿದ್ರೂ ಹೊರಡೋನು. ನಾನೇ ಕೊಡ್ತಿದೀನಿ ತಾನೆ? ತಗೊ." ಅವರು ತಮ್ಮ ಪೆನ್ನನ್ನೇ ಅವಳ ಕಡೆ ಚಾಚಿದರು.

ಅವಳು ಆ ಪೆನ್ನನ್ನು ನೋಡಿದಳು. ಗಡಿಯಾರ ನೋಡಿದಳು. ಮೂರು ಇಪ್ಪತ್ತೈದು, ಇಳಿಯಲು ಮೂರು ಮಹಡಿ.

"ಬೇಡ ಸಾರ್. ರುಜು ನನ್ನದು" ಎಂದಳು, ಹಾಳೆ ತೆಗೆದುಕೊಂಡು ಎದ್ದಳು.